ನಲವತ್ತು ಸ್ಲೈಡಿನ ಹೂಳು, ಏಳು ನಿಮಿಷದ ಬಳಚು

ಅಘನಾಶಿನಿ ಅಳಿವೆಯಲ್ಲಿ ದೋಣಿಗಳ ಓಡಾಟಕ್ಕೆ ಹೂಳೆತ್ತಿದರೆ ಏನಾಗಬಹುದು ಎಂಬ ಬಗ್ಗೆ ನಾನೊಂದು ಪ್ರೆಸೆಂಟೇಶನ್ ಮಾಡಿದ್ದೆ. ಅದರಲ್ಲಿ ನಲವತ್ತು ಸ್ಲೈಡುಗಳಿದ್ದವು. ಅಧಿಕಾರಿಗಳಿಗೆ, ಪಂಚಾಯ್ತಿಯವರಿಗೆ ತೋರಿಸಲು ಮಾಡಿದ್ದು. ಕುಮಟಾ ಕಡೆಯ ಹೊಳೆಬದಿಯ ಶಾಲೆಯೊಂದರ ಅಕ್ಕೋರು, "ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ಹೇಳ್ತೀರಾ?" ಎಂದು ಕೇಳಿದರು. ಅಂಗಳದಲ್ಲಿ ಪ್ರೊಜೆಕ್ಟರ್ ಇರುವುದಿಲ್ಲ. ಮಕ್ಕಳು ಬಿಸಿಲಲ್ಲಿ ನಿಂತಿರುತ್ತಾರೆ. ಹಾಗಾಗಿ ಏಳು ನಿಮಿಷ ಸಾಕೆಂದು ತೀರ್ಮಾನಿಸಿದೆ.

ಸ್ಲೈಡುಗಳನ್ನು ಒಂದೊಂದಾಗಿ ಚಿಕ್ಕದು ಮಾಡುತ್ತ ಹೋದರೆ ಕೆಲಸ ಆಗುವುದಿಲ್ಲ. ಇಡೀ ವರದಿಯಿಂದ ಕಾರಣ ಮತ್ತು ಪರಿಣಾಮದ ಒಂದೇ ಎಳೆಯನ್ನು ಹಿರಿದುಕೊಂಡೆ: ಹೂಳೆತ್ತಿದರೆ ತಳದ ಕೆಸರು ಏಳುತ್ತದೆ, ನೀರು ರಾಡಿಯಾಗುತ್ತದೆ, ಆ ರಾಡಿ ಬಳಚು ಎಂಬ ಚಿಪ್ಪುಜೀವಿಯ ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಮೀನು, ಅಳಿವೆಯಂಚಿನ ಕಾಂಡ್ಲಾ ಗಿಡಗಳು, ಶಬ್ದ, ವಾಹನ ಸಂಚಾರ ಎಲ್ಲವನ್ನೂ ಬಿಟ್ಟೆ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಹಂತಗಳು, ತೀವ್ರತೆಯ ಕೋಷ್ಟಕ ಕೂಡ ಹೋದವು. ಉಪಗ್ರಹ ನಕ್ಷೆಯನ್ನೂ ಬಿಟ್ಟೆ, ಏಕೆಂದರೆ ಮೇಲಿನಿಂದ ನೋಡಿದ ಚಿತ್ರದಲ್ಲಿ ತಮ್ಮೂರನ್ನು ಗುರುತಿಸುವುದು ಆರೇಳು ವರ್ಷದ ಮಕ್ಕಳಿಗೆ ಕಷ್ಟ. ಅದರ ಬದಲು "ನೀರಿಳಿದಾಗ ಅಮ್ಮ, ಅಜ್ಜಿ ಬಳಚು ಆರಿಸ್ತಾರಲ್ಲ, ಆ ಜಾಗ" ಎಂದರೆ ಎಲ್ಲರಿಗೂ ಕಣ್ಣಿಗೆ ಕಟ್ಟುತ್ತದೆ.

ಬಳಚು ನೀರನ್ನು ಒಳಗೆಳೆದುಕೊಂಡು, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿಯ ಕಣಗಳನ್ನು ಸೋಸಿ ತಿಂದು, ಉಳಿದ ನೀರನ್ನು ಹೊರಬಿಡುತ್ತದೆ. ವರದಿಯಲ್ಲಿ ಇದು ಒಂದು ಸಾಲು. ಮಕ್ಕಳಿಗೆ ಇದನ್ನೇ ತೋರಿಸಬೇಕೆಂದು ಎರಡು ದೊಡ್ಡ ಗಾಜಿನ ಭರಣಿ ತಂದೆ. ಎರಡಕ್ಕೂ ಒಂದೇ ಕಡೆಯ ಹೊಳೆ ನೀರು, ಒಂದೇ ಮಟ್ಟಕ್ಕೆ. ಒಂದರಲ್ಲಿ ಮಾತ್ರ ಹತ್ತು ಹನ್ನೆರಡು ಜೀವಂತ ಬಳಚು. ಎರಡನೇ ಭರಣಿ ಬಹಳ ಮುಖ್ಯ. ಕದಡಿದ ನೀರನ್ನು ಸುಮ್ಮನೆ ಬಿಟ್ಟರೂ ಮಣ್ಣು ತಳಕ್ಕೆ ಕೂತು ಸ್ವಲ್ಪ ತಿಳಿಯಾಗುತ್ತದೆ. ಒಂದೇ ಭರಣಿ ಇಟ್ಟರೆ ಅದನ್ನೂ ಬಳಚಿನ ಲೆಕ್ಕಕ್ಕೆ ಸೇರಿಸಿದ ಹಾಗಾಗುತ್ತದೆ. ಮಕ್ಕಳ ಮುಂದೆ ನಿಂತಾಗ ಅಂಥ ಸುಳ್ಳು ನುಸುಳಬಾರದು.

ನಲ್ಲಿ ನೀರಿಗೆ ಹಾಕಿದರೆ ಬಳಚು ಚಿಪ್ಪು ಮುಚ್ಚಿಕೊಂಡು ಕೂತುಬಿಡುತ್ತದೆ, ಅದಕ್ಕೆ ಅದೇ ಹೊಳೆಯ ಉಪ್ಪು ನೀರೇ ಆಗಬೇಕು. ಬಾಯಿ ಸ್ವಲ್ಪ ತೆರೆದು, ಅಂಚಿನಲ್ಲಿ ಪುಟ್ಟ ಕೊಳವೆಗಳು ಕಂಡರೆ ಕೆಲಸ ಶುರುವಾಗಿದೆ ಎಂದರ್ಥ. ತಂದ ಕೂಡಲೇ ಅಲುಗಾಡಿಸಿದರೆ ಬೇಗ ತೆರೆಯುವುದಿಲ್ಲ. ಹಾಗಾಗಿ ಶಾಲೆ ಗಂಟೆ ಹೊಡೆಯುವ ಎರಡು ತಾಸು ಮೊದಲೇ ನೆರಳಲ್ಲಿ ಇಟ್ಟಿದ್ದೆ. ಹೆಚ್ಚು ಹೊತ್ತು ಇಡಲೂ ಬಾರದು, ನೀರಿನಲ್ಲಿ ಉಸಿರಿಗೆ ಬೇಕಾದ ಗಾಳಿ ತೀರಿ ಸೊರಗುತ್ತವೆ.

ಮಾತು ಹೀಗೆ ಶುರುಮಾಡಿದೆ: "ಯಾವ ಭರಣಿಯ ಹಿಂದೆ ನನ್ನ ಬೆರಳು ಚೆನ್ನಾಗಿ ಕಾಣ್ತದೆ?" ಮುಂದಿನ ಸಾಲಿನವರು ಕೂಗಿ ಹೇಳಿದರು. ಯಾಕೆಂದು ಅವರಿಂದಲೇ ಹೇಳಿಸಿದ ಮೇಲೆ ಹಿಟ್ಟಿನ ಜರಡಿಯೊಂದನ್ನು ಎತ್ತಿ ತೋರಿಸಿದೆ. ಹದವಾಗಿ ಹಾಕಿದರೆ ಸೋಸುತ್ತದೆ, ಮುದ್ದೆಯಾದ ಹಿಟ್ಟು ಸುರಿದರೆ ಕಣ್ಣೆಲ್ಲ ಕಟ್ಟುತ್ತದೆ. ಹೆಚ್ಚು ರಾಡಿ ಬಂದಾಗ ಬಳಚಿಗೂ ಹಾಗೇ ಆಗ್ತದೆ ಎಂದೆ.

ಇಲ್ಲಿ ಒಂದು ಎಚ್ಚರ ಬೇಕಾಗಿತ್ತು. ನನ್ನ ಪ್ರೆಸೆಂಟೇಶನ್ನಿನಲ್ಲಿ ಈ ಪರಿಣಾಮದ ಮುಂದೆ 'ಮಧ್ಯಮ, ಸರಿಹೋಗಬಲ್ಲದು' ಎಂದು ಇತ್ತು. "ಹೊಳೆ ಸತ್ತು ಹೋಗ್ತದೆ" ಎಂದರೆ ಮಕ್ಕಳು ನಿಶ್ಶಬ್ದವಾಗಿ ಕೇಳುತ್ತಾರೆ ನಿಜ, ಆದರೆ ಅದು ವರದಿಯಲ್ಲಿಲ್ಲದ ಮಾತು. ಸಂಜೆ ಮನೆಗೆ ಹೋಗಿ ಅಳುವ ಮಗುವೂ ಇರುತ್ತದೆ, ಅಪ್ಪ ಅದೇ ದೋಣಿ ನಡೆಸುವ ಮಗುವೂ ಇರುತ್ತದೆ. ಅದಕ್ಕೆ "ರಾಡಿ ಬೇಗ ಇಳಿದರೆ ಬಳಚು ಮತ್ತೆ ಬೆಳೀಬಹುದು, ತುಂಬಾ ದಿನ ನಿಂತರೆ ಕಷ್ಟ" ಎಂದಷ್ಟೇ ಹೇಳಿದೆ. ಕೋಷ್ಟಕದ ಅರ್ಥ ಇದರಲ್ಲಿ ಪೂರ್ತಿ ಇದೆ.

ಮೂರನೇ ಕ್ಲಾಸಿನ ಹುಡುಗಿ ಕೈ ಎತ್ತಿ, "ಅಕ್ಕಾ, ಹಾಗಾದ್ರೆ ದೋಣಿ ಹ್ಯಾಂಗೆ ಹೋಗೂದು?" ಎಂದಳು. ಪರಿಹಾರದ ಸ್ಲೈಡುಗಳಿಂದ ಎರಡನ್ನು ಇದಕ್ಕೆಂದೇ ಉಳಿಸಿಕೊಂಡಿದ್ದೆ. ಬಳಚು ಮರಿಯಾಗುವ ತಿಂಗಳುಗಳಲ್ಲಿ ಹೂಳೆತ್ತಬಾರದು. ಎತ್ತುವಾಗ ಸುತ್ತ ನೀರೊಳಗೆ ದಪ್ಪ ಬಟ್ಟೆಯ ಪರದೆ ಇಳಿಬಿಟ್ಟರೆ ರಾಡಿ ಅಲ್ಲೇ ಒಳಗೆ ಕೂರುತ್ತದೆ. "ಹೊಳೆ ಜೋರಾಗಿ ಹರೀವಾಗ ಪರದೆ ನಿಲ್ತದಾ?" ಎಂದು ಹಿಂದಿನಿಂದ ಒಬ್ಬ ಕೇಳಿದ. ಸೆಳೆತ ಜಾಸ್ತಿ ಇದ್ದರೆ ಸರಿಯಾಗಿ ನಿಲ್ಲುವುದಿಲ್ಲ, ಭರತ ಇಳಿತದ ಸೆಳೆತ ಕಡಿಮೆ ಇರುವ ಹೊತ್ತು ನೋಡಿಕೊಂಡೇ ಎತ್ತಬೇಕು ಎಂದೆ.