ಊರಿಗೆ ಬರಲಾಗದ ಗೆಳೆಯನಿಗೆ ಏನು ಬರೆಯುವುದು?

ನನ್ನ ಗೆಳೆಯನ ತಂದೆ ಮೈಸೂರಿನಲ್ಲಿ ತೀರಿಕೊಂಡಾಗ ಅವನು ಅಮೆರಿಕದಲ್ಲಿದ್ದ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುಗಿದಿತ್ತು. ಬಂದರೆ ಹೊಸ ಸ್ಟಾಂಪಿಂಗ್ ಆಗುವವರೆಗೆ ವಾಪಸ್ ಹೋಗುವಂತಿರಲಿಲ್ಲ. ತಮ್ಮನೇ ಚಿತೆಗೆ ಬೆಂಕಿ ಇಟ್ಟ. ಇವನು ವಿಡಿಯೊ ಕಾಲ್‌ನಲ್ಲಿ ನೋಡಿದ.

ಅವನನ್ನು ಜಾಸ್ತಿ ನೋಯಿಸಿದ್ದು "ಹೇಗಾದ್ರೂ ಮಾಡಿ ಬರಬಹುದಿತ್ತಲ್ವಾ" ಮತ್ತು "ಕೊನೆವರೆಗೂ ನಿನ್ನನ್ನೇ ಕೇಳ್ತಿದ್ರಂತೆ" ಅನ್ನುವ ಮೆಸೇಜ್‌ಗಳು. ಎರಡನೆಯದನ್ನು ಪ್ರೀತಿಯಿಂದಲೇ ಬರೆದಿರುತ್ತಾರೆ. ಓದುವವನಿಗೆ ಮಾತ್ರ ಅದು ಚುಚ್ಚುತ್ತದೆ.

ನಾನು ಹೀಗೆ ಬರೆದಿದ್ದೆ:

"ಅಪ್ಪನ ಸುದ್ದಿ ಗೊತ್ತಾಯ್ತು ಕಣೋ. ಎಸ್ಸೆಸ್ಸೆಲ್ಸಿ ಪರೀಕ್ಷೆ ದಿನ ನಮ್ಮಿಬ್ಬರನ್ನೂ ಸ್ಕೂಟರ್‌ನಲ್ಲಿ ಬಿಟ್ಟು ಬಂದಿದ್ರು, ಅದೇ ನೆನಪಾಗ್ತಿದೆ. ಈಗ ನಿಮ್ಮನೆಯಿಂದಲೇ ಬಂದೆ. ಅಮ್ಮ ಸ್ವಲ್ಪ ಗಂಜಿ ಕುಡಿದು ಮಲಗಿದ್ದಾರೆ, ಅತ್ತೆ ಪಕ್ಕದಲ್ಲೇ ಇದ್ದಾರೆ. ಅಸ್ಥಿ ಬಿಡೋಕೆ ಪಶ್ಚಿಮವಾಹಿನಿಗೆ ತಮ್ಮನ ಜೊತೆ ನಾನೂ ಹೋಗ್ತೀನಿ. ಉತ್ತರ ಬರೀಬೇಡ. ಮಾತಾಡ್ಬೇಕು ಅನ್ಸಿದ್ರೆ ನಡುರಾತ್ರಿಯಾದ್ರೂ ಫೋನ್ ಮಾಡು."

ದೂರ ಇರುವವರಿಗೆ ಬೇಕಿರುವುದು ಮನೆಯ ಸುದ್ದಿ. ಅಮ್ಮ ಊಟ ಮಾಡಿದರಾ, ಜೊತೆಗೆ ಯಾರಿದ್ದಾರೆ ಅನ್ನುವುದು. ಅದನ್ನು ಕಣ್ಣಾರೆ ನೋಡಿದ್ದರೆ ಮಾತ್ರ ಬರೆಯಿರಿ. "ಏನಾದ್ರೂ ಬೇಕಿದ್ರೆ ಹೇಳು" ಎಂದು ಸುಮ್ನೆ ಬಿಡುವ ಬದಲು, ನೀವು ಮಾಡುವ ಒಂದು ಕೆಲಸ ಹೇಳಿ, ಮಾಡಿ. ವಿಡಿಯೊ, ಫೋಟೊ ಅವರು ಕೇಳಿದರೆ ಮಾತ್ರ ಕಳಿಸಿ.

ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಇನ್ನೊಂದು ಮೆಸೇಜ್ ಹಾಕಿ. ಅಷ್ಟೊತ್ತಿಗೆ ಅಲ್ಲಿ ಅವನು ಆಫೀಸಿಗೆ ಹೋಗಲು ಶುರು ಮಾಡಿರುತ್ತಾನೆ, ಕೇಳುವವರೂ ಕಡಿಮೆಯಾಗಿರುತ್ತಾರೆ.