ಶಾಲೆಗೆ ಸೋಲಾರ್ರೋ, ಲೈನ್ ಕರೆಂಟೋ: ನಮ್ಮ ವರದಿ ಬರೆದ ಅನುಭವ

ಕೊಪ್ಪಳ ಕಡೆಯ ಐದು ಕೋಣೆಯ ಶಾಲೆ. ಮಧ್ಯಾಹ್ನ ಮೂರು ತಾಸು ಕರೆಂಟ್ ಇರುವುದಿಲ್ಲ. ಸೋಲಾರ್ ಹಾಕಿಸಿ ಮೀಟರ್ ತೆಗೆಸೋಣ ಎಂದು ಶಾಲೆ ನೋಡಿಕೊಳ್ಳುವ ಸಮಿತಿ ಎಸ್‌ಡಿಎಂಸಿಯವರು ಹಟ ಹಿಡಿದಿದ್ದರು. ಮೀಟರ್ ಇರಲಿ, ಮೊದಲು ಫ್ಯಾನ್ ಬದಲಿಸೋಣ ಎಂದು ನಾನು ವರದಿಯಲ್ಲಿ ಬರೆದಾಗ ಮೊದಮೊದಲು ಯಾರೂ ಒಪ್ಪಲಿಲ್ಲ. ಕೊನೆಗೆ ಹೊಸ ಫ್ಯಾನ್, ಸಣ್ಣ ಸೋಲಾರ್, ಲೈನ್ ಮೂರೂ ಸೇರಿದ ವ್ಯವಸ್ಥೆಗೆ ಒಪ್ಪಿದರು, ಈಗ ಎರಡು ವರ್ಷದಿಂದ ಅದು ಚೆನ್ನಾಗಿ ನಡೆಯುತ್ತಿದೆ.

ಮೊದಲು ಬಂದ ಕೊಟೇಶನ್ 3 ಕಿಲೋವ್ಯಾಟ್‌ನದು. ಎಲ್ಲ ಫ್ಯಾನ್, ಲೈಟ್, ಟಿವಿಗಳ ವ್ಯಾಟ್ ಸುಮ್ನೆ ಕೂಡಿಸಿದ್ದರು. ವರ್ಷಕ್ಕೆ 365 ದಿನ ಉಳಿತಾಯ ಎಂದೂ ತೋರಿಸಿದ್ದರು. ಬಿಸಿಲು ಜಾಸ್ತಿ ಇರುವ ಏಪ್ರಿಲ್-ಮೇನಲ್ಲಿ ಶಾಲೆಗೆ ರಜೆ ಅಲ್ವಾ? ಆಗ ಬ್ಯಾಟರಿ ತುಂಬಿದ ಮೇಲೆ ಬರುವ ಕರೆಂಟ್ ಯಾರಿಗೂ ಸಿಗುವುದಿಲ್ಲ.

ಹಾಗಾಗಿ ನಿಜವಾದ ಬಳಕೆ ಅಳೆಯಲು ನಾನು ಸಬ್‌ಮೀಟರ್ ಕೂರಿಸಿದೆ. ಕರೆಂಟ್ ಹೋದ ಸಮಯ, ಬಂದ ಸಮಯ ಎರಡನ್ನೂ ಗೋಡೆ ಕ್ಯಾಲೆಂಡರ್ ಮೇಲೆ ಬರೆಸಿದೆ. ದಿನಕ್ಕೆ ಸುಮಾರು 4 ಯೂನಿಟ್ ಬಂತು. ಹೆಚ್ಚಿನದೆಲ್ಲ ಫ್ಯಾನ್‌ನದೇ. ಒಂದು ಕೋಣೆಯಲ್ಲಿ 75 ವ್ಯಾಟ್‌ನ ಹಳೆ ಫ್ಯಾನ್ ತೆಗೆದು ಕಡಿಮೆ ಕರೆಂಟ್ ಎಳೆಯುವ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿ ನೋಡಿದೆ. ಗಾಳಿ ಅಷ್ಟೇ, ಖರ್ಚು ಅರ್ಧಕ್ಕಿಂತ ಕಡಿಮೆ. ಶಾಲೆಯ ಹತ್ತೂ ಫ್ಯಾನ್ ಬದಲಿಸಿದರೆ ಇಡೀ ಶಾಲೆಗೆ ಎರಡೂವರೆ ಯೂನಿಟ್ ಸಾಕು, 1 ಕಿಲೋವ್ಯಾಟ್ ಪ್ಯಾನೆಲ್‌ಗೆ ಅದು ಭಾರವಲ್ಲ. ಮೋಡದ ದಿನ ಕಡಿಮೆ ಬಿದ್ದದ್ದನ್ನು ಲೈನ್ ತುಂಬುತ್ತದೆ.

ಬ್ಯಾಟರಿ ಇಲ್ಲದೆ ಲೈನ್‌ಗೇ ಜೋಡಿಸುವ ಆನ್‌ಗ್ರಿಡ್ ಸೋಲಾರ್ ಅಗ್ಗ ನಿಜ. ಆದರೆ ಲೈನ್ ಹೋದರೆ ಅದರ ಇನ್ವರ್ಟರ್ ಕೂಡ ಬಂದ್ ಆಗುತ್ತದೆ. ಆದ್ದರಿಂದ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹತ್ತು ವರ್ಷದ ಲೆಕ್ಕ ಹೆಚ್ಚುಕಡಿಮೆ ಹೀಗಿತ್ತು:

| ವ್ಯವಸ್ಥೆ | ಮೊದಲ ಖರ್ಚು (ರೂ.) | ಬ್ಯಾಟರಿ ಬದಲಿ (ರೂ.) | ಬಿಲ್ (ರೂ.) | ಒಟ್ಟು (ರೂ.) |
|---|---|---|---|---|
| ಲೈನ್ + ಇನ್ವರ್ಟರ್ | 40,000 | 64,000 | 1,00,000 | 2,04,000 |
| ಪೂರ್ತಿ ಸೋಲಾರ್, 2 ಕಿ.ವ್ಯಾ. | 1,80,000 | 65,000 | ಇಲ್ಲ | 2,45,000 |
| ಬಿಎಲ್‌ಡಿಸಿ + 1 ಕಿ.ವ್ಯಾ. + ಲೈನ್ | 1,20,000 | 32,000 | 30,000 | 1,82,000 |

ಬಿಲ್ ಉಳಿತಾಯ ಒಂದೇ ಸಾಲದು, ಗೆಲುವು ನಿರ್ಧರಿಸುವುದು ಬ್ಯಾಟರಿ. ಬರೀ ಇನ್ವರ್ಟರ್ ಇದ್ದರೆ ಬ್ಯಾಟರಿ ದಿನಾ ತಳ ಕಾಣುತ್ತದೆ, ಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ಹಗಲು ಪ್ಯಾನೆಲ್ ಫ್ಯಾನ್‌ಗಳನ್ನು ನೇರವಾಗಿ ನಡೆಸಿದರೆ ಅದೇ ಟ್ಯುಬ್ಯುಲರ್ ಬ್ಯಾಟರಿ ಐದು ವರ್ಷ ಬರುತ್ತದೆ. ಕರೆಂಟ್ ಅರ್ಧ ತಾಸು ಮಾತ್ರ ಹೋಗುವ ಊರಿನಲ್ಲಿ ಮೊದಲನೇ ಸಾಲೇ ಗೆಲ್ಲುತ್ತದೆ. ಅಲ್ಲಿ ನಾನು ಸೋಲಾರ್ ಹಾಕಿ ಎನ್ನುವುದಿಲ್ಲ.

 

ಪಕ್ಕದೂರಿನ ಶಾಲೆಯ ಪ್ಯಾನೆಲ್‌ಗಳು ಇವತ್ತಿಗೂ ಸರಿಯಾಗಿವೆ, ಆದರೆ ಹೊಸ ಬ್ಯಾಟರಿಗೆ ದುಡ್ಡಿಲ್ಲದೆ ಎಲ್ಲ ನಿಂತಿದೆ. ಹಾಗಾಗಿ ವರದಿಯ ಶಿಫಾರಸಿನಲ್ಲೇ ಒಂದು ಷರತ್ತು ಸೇರಿಸಿದೆ: ಎಸ್‌ಡಿಎಂಸಿ ಖಾತೆಯಲ್ಲಿ ತಿಂಗಳಿಗೆ 550 ರೂಪಾಯಿ ಬ್ಯಾಟರಿಗೆಂದೇ ಎತ್ತಿಡಬೇಕು. ಹೆಡ್‌ಮಾಸ್ಟರ್ ಸಹಿ ಹಾಕಿದ ಮೇಲೆಯೇ ಕೆಲಸ ಶುರು ಮಾಡಿಸಿದೆ.