n = 1 ಸಾಲಿನಿಂದಲೇ ನೋಡಲು ಶುರು ಮಾಡುತ್ತೇನೆ

ಮೊತ್ತದ ಸೂತ್ರವೊಂದನ್ನು ಇಂಡಕ್ಷನ್‌ನಿಂದ ಸಾಧಿಸಿ "ಸರಿ ಇದೆಯಾ ನೋಡಿ" ಎಂದು ಯಾರಾದರೂ ಕೊಟ್ಟರೆ, ನನ್ನ ಕಣ್ಣು ಮೊದಲು n = 1 ಸಾಲಿಗೆ ಹೋಗುತ್ತದೆ. ಎಡಭಾಗ ಎಷ್ಟು, ಬಲಭಾಗ ಎಷ್ಟು ಎಂದು ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿರಬೇಕು. ಸುಮ್ನೆ "n = 1 ಕ್ಕೆ ನಿಜ" ಎಂದಿದ್ದರೆ ನಾನೇ ಲೆಕ್ಕ ಮಾಡುತ್ತೇನೆ. ಯಾಕೆ ಇಷ್ಟು ಹಟ ಎಂದು ಕೇಳಿದವರಿಗೆ ಈ ಸೂತ್ರ ತೋರಿಸುತ್ತೇನೆ:

1 + 2 + … + n = (2n+1)²/8

ಇದು ಸುಳ್ಳು. ಆದರೂ k ಗೆ ನಿಜ ಎಂದುಕೊಂಡು ಎರಡೂ ಕಡೆ k+1 ಕೂಡಿಸಿ ನೋಡಿ:

(2k+1)²/8 + (k+1) = (4k²+12k+9)/8 = (2k+3)²/8

2k+3 ಅಂದರೆ 2(k+1)+1. ಅಂದರೆ k ಯಿಂದ k+1 ಕ್ಕೆ ಹೋಗುವ ಹೆಜ್ಜೆಯಲ್ಲಿ ಒಂದು ತಪ್ಪೂ ಇಲ್ಲ! n = 1 ಹಾಕಿದಾಗ ಮಾತ್ರ ಎಡಕ್ಕೆ 1, ಬಲಕ್ಕೆ 9/8 ಬರುತ್ತದೆ.

ಕಾರಣ ಸರಳ. ಆ ಹೆಜ್ಜೆ ನೋಡುವುದು ಸೂತ್ರದ ಬೆಲೆ k ಯಿಂದ k+1 ಕ್ಕೆ ಹೋದಾಗ ಎಷ್ಟು ಹೆಚ್ಚುತ್ತದೆ ಎಂಬುದನ್ನು ಮಾತ್ರ. ಸರಿಯಾದ n(n+1)/2 ಗೆ ಯಾವ ಸ್ಥಿರ ಸಂಖ್ಯೆ ಸೇರಿಸಿದರೂ ಹೆಚ್ಚಳ ಬದಲಾಗುವುದಿಲ್ಲ. ಇಲ್ಲಿ ಸೇರಿಕೊಂಡಿರುವುದು 1/8. ಅದನ್ನು ಹಿಡಿಯುವುದು n = 1 ಸಾಲು ಒಂದೇ.

ಇನ್ನು k+1 ರ ಹೆಜ್ಜೆ. ಇಲ್ಲಿ ಜಾಸ್ತಿ ಎಡವುವುದು ಹೊಸದಾಗಿ ಸೇರುವ ಪದದಲ್ಲಿ. 1 + 3 + … + (2n−1) = n² ಎಂಬುದರಲ್ಲಿ k ಗೆ ಕೊನೆಯ ಪದ 2k−1. ಮುಂದಿನದು n ಜಾಗದಲ್ಲಿ k+1 ಹಾಕಿದರೆ ಬರುವ 2k+1. ಕೆಲವರು ಹಿಂದಿನ ಪದಕ್ಕೆ 1 ಕೂಡಿಸಿ 2k ಎಂದು ಬರೆದುಬಿಡುತ್ತಾರೆ. ಆಗ k² + 2k ಸಿಗುತ್ತದೆ. ಆದರೂ ಮುಂದಿನ ಸಾಲಿನಲ್ಲಿ (k+1)² ಇರುತ್ತದೆ, ಏಕೆಂದರೆ ಉತ್ತರ ಮೊದಲೇ ಗೊತ್ತಲ್ವಾ!

ಇಂಥದ್ದನ್ನು ಪತ್ತೆ ಮಾಡಲು ಪ್ರತಿ ಸಾಲಿನಲ್ಲೂ ಅಂಚಿನಲ್ಲಿ k = 3 ಹಾಕಿ ಬೆಲೆ ಬರೆದುಕೊಳ್ಳುತ್ತೇನೆ. 9 + 6 = 15 ಆದಮೇಲೆ ಥಟ್ಟನೆ 16 ಬಂದರೆ ತಪ್ಪು ಆ ಎರಡು ಸಾಲುಗಳ ನಡುವೆಯೇ ಇದೆ. ಬೆಲೆಗಳೆಲ್ಲ ಹೊಂದಿದರೆ ಸಾಧನೆ ಸರಿ ಎಂದು ಅರ್ಥವಲ್ಲ, k = 3 ಕ್ಕೆ ಮಾತ್ರ ಕಾಕತಾಳೀಯವಾಗಿ ಹೊಂದಿರಬಹುದು. ಹಾಗಾಗಿ ಬೀಜಗಣಿತವನ್ನೂ ಓದಲೇಬೇಕು.

ಓದುವಾಗ "k ಗೆ ನಿಜ ಎಂಬ ಊಹೆಯನ್ನು ಬಳಸಿದ್ದು ಎಲ್ಲಿ?" ಎಂದು ಹುಡುಕಿ ಆ ಸಮ ಚಿಹ್ನೆಗೆ ಗೆರೆ ಎಳೆಯುತ್ತೇನೆ. ಕೆಲವರು k+1 ರ ಸಮೀಕರಣವನ್ನೇ ಮೊದಲ ಸಾಲಾಗಿ ಬರೆದು, ಎರಡೂ ಕಡೆ ಸುಲಭ ಮಾಡುತ್ತಾ ಕೊನೆಗೆ 0 = 0 ಎಂದು ಮುಗಿಸುತ್ತಾರೆ. ಸಾಧಿಸಬೇಕಾದದ್ದನ್ನೇ ಅಲ್ಲಿ ನಿಜ ಎಂದು ಒಪ್ಪಿಕೊಂಡಾಗಿದೆ. ಅಂಥವರಿಗೆ ಅದೇ ಲೆಕ್ಕವನ್ನು ಎಡಭಾಗದ ಮೊತ್ತದಿಂದ ಶುರು ಮಾಡಿ, ಒಂದೊಂದೇ ಸಮ ಚಿಹ್ನೆ ಹಾಕುತ್ತಾ ಬಲಭಾಗಕ್ಕೆ ಬರುವಂತೆ ಮತ್ತೆ ಬರೆಯಲು ಹೇಳುತ್ತೇನೆ.